ಹೈಡ್ರೋಜನ್ ಶಕ್ತಿ ಮಟ್ಟಗಳ ಚಿತ್ರ: ನಾಲ್ಕನೇ ಮಟ್ಟದಿಂದ ಹೊಮ್ಮುವ ಆರು ರೇಖೆಗಳು, ಅಳೆದ ರೇಖೆಗಳಿಂದಲೇ ಅಯಾನೀಕರಣ ಶಕ್ತಿ

ಹೈಡ್ರೋಜನ್ ಅನಿಲದ ಪರಮಾಣುಗಳು ನಾಲ್ಕನೇ ಶಕ್ತಿ ಮಟ್ಟಕ್ಕೆ ಏರಿವೆ ಎಂದುಕೊಳ್ಳಿ. ಅವು ಕೆಳಗಿಳಿಯುವಾಗ ಯಾವ ಯಾವ ತರಂಗಾಂತರದ ಬೆಳಕು ಹೊರಬರುತ್ತದೆ? ಎಲೆಕ್ಟ್ರಾನನ್ನು ಪರಮಾಣುವಿನಿಂದ ಪೂರ್ತಿ ಬಿಡಿಸಲು ಎಷ್ಟು ಶಕ್ತಿ ಬೇಕು? ಹೆಚ್ಚಿನವರು ಇಂಥ ಪ್ರಶ್ನೆ ಕಂಡ ಕೂಡಲೇ ಸೂತ್ರಕ್ಕೆ ಕೈಹಾಕುತ್ತಾರೆ. ಅದಕ್ಕೂ ಮೊದಲು ಒಂದು ಚಿತ್ರವನ್ನು ಅಳತೆಗೆ ಸರಿಯಾಗಿ ಬರೆದುಕೊಂಡರೆ ಉತ್ತರದ ಅರ್ಧ ಭಾಗ ಲೆಕ್ಕಕ್ಕೆ ಮುಂಚೆಯೇ ಕಾಣುತ್ತದೆ, ಲೆಕ್ಕ ತಪ್ಪಿದರೆ ಅದೂ ಆ ಚಿತ್ರದಲ್ಲೇ ಗೊತ್ತಾಗುತ್ತದೆ. ಈ ಬರಹದಲ್ಲಿ ನಾಲ್ಕನೇ ಮಟ್ಟದ ಈ ಒಂದೇ ಉದಾಹರಣೆಯನ್ನು ಹಿಡಿದು, ಚಿತ್ರದಿಂದ ತರಂಗಾಂತರಕ್ಕೆ ಹೋಗೋಣ. ಆಮೇಲೆ ದಿಕ್ಕು ಬದಲಿಸಿ, ಅಳೆದ ತರಂಗಾಂತರಗಳಿಂದ ಅಯಾನೀಕರಣ ಶಕ್ತಿಯನ್ನು ಕಂಡುಹಿಡಿಯೋಣ.

## ಚಿತ್ರವನ್ನು ಅಳತೆಗೆ ಬರೆಯುವುದು

1913ರಲ್ಲಿ ನೀಲ್ಸ್ ಬೋರ್ ಕೊಟ್ಟ ಸೂತ್ರ ಇದು:

```
E_n = −13.6 / n²   eV      (n = 1, 2, 3, ...)
```

ಇದರಲ್ಲಿ ಮೊದಲು ಅರ್ಥಮಾಡಿಕೊಳ್ಳಬೇಕಾದ್ದು ಋಣ ಚಿಹ್ನೆಯನ್ನು. ಎಲೆಕ್ಟ್ರಾನ್ ಪ್ರೋಟಾನಿನಿಂದ ಅನಂತ ದೂರದಲ್ಲಿ, ಚಲನೆಯಿಲ್ಲದೆ ಇದ್ದಾಗ ಅದರ ಶಕ್ತಿಯನ್ನು ಸೊನ್ನೆ ಎಂದು ಇಟ್ಟುಕೊಂಡಿದ್ದೇವೆ. ಪ್ರೋಟಾನಿನ ಸೆಳೆತಕ್ಕೆ ಸಿಕ್ಕಿದ ಎಲೆಕ್ಟ್ರಾನಿನ ಶಕ್ತಿ ಅದಕ್ಕಿಂತ ಕಡಿಮೆ, ಹಾಗಾಗಿ ಋಣ. ಸೊನ್ನೆಯ ಗೆರೆ ಚಿತ್ರದ ತುದಿಯಲ್ಲಿರುತ್ತದೆ, ಉಳಿದ ಎಲ್ಲ ಮಟ್ಟಗಳೂ ಅದರ ಕೆಳಗೆ ಬರುತ್ತವೆ. n ಹೆಚ್ಚಿದಂತೆ ಶಕ್ತಿಯೂ ಹೆಚ್ಚುತ್ತದೆ, ಅಂದರೆ ಸೊನ್ನೆಗೆ ಹತ್ತಿರವಾಗುತ್ತದೆ. −0.85 ಎಂಬುದು −3.4ಕ್ಕಿಂತ ದೊಡ್ಡದು ಎನ್ನುವುದನ್ನು ಮರೆತವರು ಚಿತ್ರವನ್ನು ತಲೆಕೆಳಗಾಗಿ ಬರೆಯುತ್ತಾರೆ.

ಗ್ರಾಫ್ ಹಾಳೆಯಲ್ಲಿ ಒಂದು ಎಲೆಕ್ಟ್ರಾನ್ ವೋಲ್ಟ್‌ಗೆ ಒಂದು ಸೆಂಟಿಮೀಟರ್ ಎಂದು ಪ್ರಮಾಣ ಇಟ್ಟುಕೊಳ್ಳಿ. ಹಾಳೆಯ ಕೆಳಭಾಗದಲ್ಲಿ ಒಂದು ಅಡ್ಡಗೆರೆ ಎಳೆದು n = 1, −13.6 eV ಎಂದು ಬರೆಯಿರಿ. ಇದು ತಳಸ್ಥಿತಿ. ಅಲ್ಲಿಂದ 13.6 ಸೆಂಟಿಮೀಟರ್ ಮೇಲೆ ಇನ್ನೊಂದು ಗೆರೆ ಎಳೆದು n = ∞, 0 eV ಎಂದು ಗುರುತಿಸಿ. ಉಳಿದ ಮಟ್ಟಗಳು ಇವೆರಡರ ನಡುವೆ ಹೀಗೆ ಕೂರುತ್ತವೆ:

| n | ಶಕ್ತಿ (eV) | ಕೆಳಗಿನ ಗೆರೆಯಿಂದ ಎತ್ತರ (cm) |
|---|---|---|
| 1 | −13.6 | 0 |
| 2 | −3.40 | 10.2 |
| 3 | −1.51 | 12.1 |
| 4 | −0.850 | 12.75 |
| 5 | −0.544 | 13.06 |
| 6 | −0.378 | 13.22 |
| ∞ | 0 | 13.6 |

ಗೆರೆಗಳನ್ನು ಎಳೆದು ಮುಗಿಸಿದ ಮೇಲೆ ಒಮ್ಮೆ ಹಾಳೆಯನ್ನು ನೋಡಿ. ಮೊದಲ ಎರಡು ಗೆರೆಗಳ ನಡುವೆ ಹತ್ತು ಸೆಂಟಿಮೀಟರಿಗಿಂತ ಹೆಚ್ಚಿನ ಖಾಲಿ ಜಾಗವಿದೆ. ಆರನೆಯ ಗೆರೆಗೂ ತುದಿಯ ಗೆರೆಗೂ ನಡುವೆ ನಾಲ್ಕು ಮಿಲಿಮೀಟರ್ ಕೂಡ ಇಲ್ಲ, ಏಳನೆಯದರಿಂದ ಅನಂತದವರೆಗಿನ ಎಲ್ಲ ಮಟ್ಟಗಳೂ ಆ ಕಿರುಜಾಗದಲ್ಲೇ ಒತ್ತೊತ್ತಾಗಿ ಸೇರಬೇಕು. ಮಟ್ಟಗಳನ್ನು ಸಮದೂರದಲ್ಲಿ, ಏಣಿಯ ಮೆಟ್ಟಿಲುಗಳಂತೆ ಬರೆದುಬಿಟ್ಟರೆ ಈ ಸಂಗತಿ ಮರೆಯಾಗುತ್ತದೆ. ಮುಂದೆ ಬರುವ ಎಲ್ಲ ಲೆಕ್ಕವೂ ನಿಂತಿರುವುದು ಈ ಅಸಮ ಅಂತರಗಳ ಮೇಲೆ, ಆದ್ದರಿಂದ ಅಳತೆಯನ್ನು ಬಿಡಬೇಡಿ.

## ಬಾಣಗಳನ್ನು ಎಣಿಸುವುದು

ಬೆಳಕು ಹೊರಸೂಸುವಾಗ ಪರಮಾಣು ಮೇಲಿನ ಮಟ್ಟದಿಂದ ಕೆಳಗಿನದಕ್ಕೆ ಇಳಿಯುತ್ತದೆ. ಬಾಣದ ಮೊನೆ ಕೆಳಮುಖವಾಗಿರಬೇಕು, ಎರಡೂ ತುದಿಗಳು ಮಟ್ಟದ ಗೆರೆಗಳನ್ನು ಮುಟ್ಟಬೇಕು. ನಾಲ್ಕನೇ ಮಟ್ಟದಿಂದ ನೇರವಾಗಿ 3, 2, 1ಕ್ಕೆ ಇಳಿಯಬಹುದು: ಮೂರು ಬಾಣ. ಮೂರಕ್ಕೆ ಬಂದ ಪರಮಾಣು ಅಲ್ಲಿಂದ 2 ಅಥವಾ 1ಕ್ಕೆ ಇಳಿಯಬಹುದು: ಇನ್ನೆರಡು. ಎರಡರಿಂದ 1ಕ್ಕೆ ಒಂದು. ಒಟ್ಟು ಆರು. n ಮಟ್ಟಕ್ಕೆ ಏರಿದ ಅನಿಲಕ್ಕೆ ಈ ಎಣಿಕೆ n(n−1)/2 ಆಗುತ್ತದೆ.

ಇಲ್ಲಿ ‘ಅನಿಲ’ ಎಂಬ ಪದವನ್ನು ಗಮನಿಸಬೇಕು. ಒಂದೇ ಒಂದು ಪರಮಾಣು ಆರೂ ರೇಖೆಗಳನ್ನು ಕೊಡಲಾರದು. ಅದು 4→3→2→1 ಎಂದು ಒಂದೊಂದೇ ಮಟ್ಟ ಇಳಿದರೆ ಮೂರು ಫೋಟಾನ್ ಹೊರಬರುತ್ತವೆ, ನೇರವಾಗಿ 4→1 ಇಳಿದರೆ ಒಂದೇ. ಕೋಟ್ಯಂತರ ಪರಮಾಣುಗಳಲ್ಲಿ ಬೇರೆ ಬೇರೆ ಪರಮಾಣುಗಳು ಬೇರೆ ಬೇರೆ ದಾರಿ ಹಿಡಿಯುವುದರಿಂದ ರೋಹಿತದಲ್ಲಿ ಆರೂ ರೇಖೆಗಳು ಒಟ್ಟಿಗೆ ಕಾಣುತ್ತವೆ. ಪ್ರಶ್ನೆಯಲ್ಲಿ ‘ಒಂದು ಪರಮಾಣು ಗರಿಷ್ಠ ಎಷ್ಟು ಫೋಟಾನ್ ಕೊಡುತ್ತದೆ’ ಎಂದಿದ್ದರೆ ಉತ್ತರ ಮೂರು, ಆರಲ್ಲ.

ಬಾಣದ ಉದ್ದವೇ ಫೋಟಾನಿನ ಶಕ್ತಿ. ಉದ್ದ ಬಾಣವೆಂದರೆ ಹೆಚ್ಚು ಶಕ್ತಿ, ಕಡಿಮೆ ತರಂಗಾಂತರ. ಆರು ಬಾಣಗಳಲ್ಲಿ 4→1 ಎಲ್ಲಕ್ಕಿಂತ ಉದ್ದ, 4→3 ಎಲ್ಲಕ್ಕಿಂತ ಗಿಡ್ಡ. ಅತಿ ಕಡಿಮೆ ತರಂಗಾಂತರ ಯಾವ ಬಾಣದ್ದು, ಅತಿ ಹೆಚ್ಚಿನದು ಯಾವುದರದ್ದು ಎಂಬುದು ಒಂದು ಅಂಕಿಯನ್ನೂ ಬರೆಯದೆ ಹೀಗೆ ಗೊತ್ತಾಯಿತು. ಮೊದಲ ಮಟ್ಟಕ್ಕೆ ಇಳಿಯುವ ಮೂರೂ ಬಾಣಗಳು ಹತ್ತು ಸೆಂಟಿಮೀಟರಿಗಿಂತ ಉದ್ದವಿವೆ, ಅವೆಲ್ಲ ನೇರಳಾತೀತ ಬೆಳಕು. ಇವು ಲೈಮನ್ ಶ್ರೇಣಿಗೆ ಸೇರಿದವು. ಎರಡನೇ ಮಟ್ಟಕ್ಕೆ ಇಳಿಯುವ ಬಾಲ್ಮರ್ ಶ್ರೇಣಿಯ ಎರಡು ಬಾಣಗಳು ಕಣ್ಣಿಗೆ ಕಾಣುವ ಬೆಳಕು ಕೊಡುತ್ತವೆ. ಮೂರನೇ ಮಟ್ಟಕ್ಕೆ ಇಳಿಯುವ ಗಿಡ್ಡ ಬಾಣ ಪಾಶೆನ್ ಶ್ರೇಣಿಯದು, ಅದರ ಬೆಳಕು ಅವಗೆಂಪು.

## ಬಾಣದಿಂದ ತರಂಗಾಂತರಕ್ಕೆ

ಫೋಟಾನಿನ ಶಕ್ತಿಗೂ ತರಂಗಾಂತರಕ್ಕೂ ಇರುವ ಸಂಬಂಧ E = hc/λ. ಪ್ರತಿ ಸಲವೂ ಪ್ಲಾಂಕ್ ಸ್ಥಿರಾಂಕವನ್ನೂ ಬೆಳಕಿನ ವೇಗವನ್ನೂ ಗುಣಿಸಿ, ಎಲೆಕ್ಟ್ರಾನ್ ವೋಲ್ಟನ್ನು ಜೌಲ್‌ಗೆ ಬದಲಿಸುತ್ತಾ ಹೋದರೆ ಘಾತಗಳಲ್ಲಿ ಎಲ್ಲಾದರೂ ಎಡವುವುದು ಖಂಡಿತ. hc ಗುಣಲಬ್ಧವನ್ನು ಒಮ್ಮೆಗೇ ಎಲೆಕ್ಟ್ರಾನ್ ವೋಲ್ಟ್ ಮತ್ತು ನ್ಯಾನೊಮೀಟರ್‌ಗಳಲ್ಲಿ ಇಟ್ಟುಕೊಂಡರೆ ಆ ತೊಂದರೆಯಿಲ್ಲ:

```
hc = (6.626×10⁻³⁴ × 2.998×10⁸) / 1.602×10⁻¹⁹ = 1.240×10⁻⁶ eV·m = 1240 eV·nm

λ (nm) = 1240 / ΔE (eV)
```

ನಾಲ್ಕರಿಂದ ಎರಡಕ್ಕೆ ಇಳಿಯುವ ಬಾಣವನ್ನು ತೆಗೆದುಕೊಳ್ಳಿ. ಮೇಲಿನ ಮಟ್ಟ −0.85, ಕೆಳಗಿನದು −3.40. ವ್ಯತ್ಯಾಸ −0.85 − (−3.40) = 2.55 eV. 1240ನ್ನು 2.55ರಿಂದ ಭಾಗಿಸಿದರೆ 486.3 ನ್ಯಾನೊಮೀಟರ್. ಹೈಡ್ರೋಜನ್ ದೀಪದ ಬೆಳಕನ್ನು ಗ್ರೇಟಿಂಗ್ ಮೂಲಕ ನೋಡಿದಾಗ ಕಾಣುವ ಹಸಿರುನೀಲಿ ರೇಖೆ ಇದೇ.

ನಾಲ್ಕರಿಂದ ಮೂರಕ್ಕೆ ಬಂದಾಗ ಎಚ್ಚರ ಬೇಕು. ಎರಡೂ ಮಟ್ಟಗಳು ಹತ್ತಿರ ಹತ್ತಿರ ಇವೆ. ಯಾರಾದರೂ −1.51ನ್ನು −1.5 ಎಂದೂ −0.85ನ್ನು −0.9 ಎಂದೂ ದುಂಡಾಗಿಸಿದರೆ ವ್ಯತ್ಯಾಸ 0.6 ಆಗಿ, ತರಂಗಾಂತರ 2067 ನ್ಯಾನೊಮೀಟರ್ ಬರುತ್ತದೆ. ನಿಜವಾದ ಉತ್ತರ 1876ರ ಹತ್ತಿರ. ಪ್ರತಿ ಮಟ್ಟದಲ್ಲಿ ಬಿಟ್ಟದ್ದು ತೀರಾ ಚಿಕ್ಕ ಅಂಶವೇ ಆದರೂ ಕಳೆದ ಮೇಲೆ ಉಳಿಯುವುದೂ ಚಿಕ್ಕ ಸಂಖ್ಯೆಯೇ ಆದ್ದರಿಂದ ತಪ್ಪು ಶೇಕಡಾ ಹತ್ತಕ್ಕೆ ಏರಿತು. ಮಟ್ಟಗಳ ಶಕ್ತಿಯನ್ನು ಬೇರೆಬೇರೆಯಾಗಿ ದುಂಡಾಗಿಸದೆ, ಭಿನ್ನರಾಶಿಗಳನ್ನು ಮೊದಲು ಕಳೆದು, 13.6ರಿಂದ ಕೊನೆಗೆ ಗುಣಿಸುವುದೇ ಇದಕ್ಕೆ ಪರಿಹಾರ:

```
ΔE = 13.6 × (1/9 − 1/16) = 13.6 × 7/144 = 0.6611 eV
λ  = 1240 / 0.6611 = 1876 nm
```

ಇದೇ ರೀತಿ ಆರೂ ಬಾಣಗಳಿಗೆ ಮಾಡಿದರೆ ಸಿಗುವ ಪಟ್ಟಿ:

| ಬಾಣ | 13.6ರ ಗುಣಕ | ΔE (eV) | λ (nm) | ಬೆಳಕು |
|---|---|---|---|---|
| 4→1 | 15/16 | 12.75 | 97.3 | ನೇರಳಾತೀತ |
| 3→1 | 8/9 | 12.09 | 102.6 | ನೇರಳಾತೀತ |
| 2→1 | 3/4 | 10.20 | 121.6 | ನೇರಳಾತೀತ |
| 4→2 | 3/16 | 2.55 | 486.3 | ಹಸಿರುನೀಲಿ |
| 3→2 | 5/36 | 1.889 | 656.5 | ಕೆಂಪು |
| 4→3 | 7/144 | 0.661 | 1876 | ಅವಗೆಂಪು |

ಉತ್ತರ ಸರಿಯೇ ಎಂದು ನೋಡಲು ಚಿತ್ರವೇ ಒಂದು ಪರೀಕ್ಷೆ ಕೊಡುತ್ತದೆ. ನಾಲ್ಕರಿಂದ ಒಂದಕ್ಕೆ ಯಾವ ದಾರಿಯಲ್ಲಿ ಇಳಿದರೂ ಒಟ್ಟು ಇಳಿತ ಒಂದೇ. 4→2 ಮತ್ತು 2→1 ಸೇರಿಸಿ: 2.55 + 10.20 = 12.75. 4→3 ಮತ್ತು 3→1 ಸೇರಿಸಿ: 0.66 + 12.09 = 12.75. ಎರಡೂ 4→1ಕ್ಕೆ ಸಮ. ಹೀಗೆ ಕೂಡುವುದು ಶಕ್ತಿಗಳು ಮಾತ್ರ. ತರಂಗಾಂತರಗಳನ್ನು ಕೂಡಿದರೆ 486.3 + 121.6 = 607.9 ಬರುತ್ತದೆ, 97.3ಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ತರಂಗಾಂತರವನ್ನೇ ಬಳಸಬೇಕೆಂದರೆ ಅವುಗಳ ವಿಲೋಮಗಳನ್ನು ಕೂಡಬೇಕು, ಅಂದರೆ 1/486.3 + 1/121.6 = 1/97.3.

ಈ ಪಟ್ಟಿಯ ಕೆಂಪು ರೇಖೆ 656.5 ನ್ಯಾನೊಮೀಟರ್. ಪುಸ್ತಕಗಳಲ್ಲಿ 656.3 ಎಂದೂ, ಹಸಿರುನೀಲಿ ರೇಖೆಗೆ 486.1 ಎಂದೂ ಇರುತ್ತದೆ. ಲೆಕ್ಕ ತಪ್ಪಿತೆಂದು ಗಾಬರಿಯಾಗಬೇಕಿಲ್ಲ. ನಾವು ಕಂಡುಹಿಡಿದದ್ದು ನಿರ್ವಾತದಲ್ಲಿನ ತರಂಗಾಂತರ, ಪುಸ್ತಕದ್ದು ಗಾಳಿಯಲ್ಲಿ ಅಳೆದದ್ದು. ಗಾಳಿಯ ವಕ್ರೀಭವನಾಂಕ ಸುಮಾರು 1.00028. 656.5ನ್ನು ಅದರಿಂದ ಭಾಗಿಸಿದರೆ 656.3 ಬರುತ್ತದೆ, 486.3ಕ್ಕೆ 486.1 ಬರುತ್ತದೆ. ನಾಲ್ಕನೇ ಅಂಕಿಯಲ್ಲಿ ಕಾಣುವ ಇಷ್ಟು ಸಣ್ಣ ವ್ಯತ್ಯಾಸಕ್ಕೂ ಹೀಗೊಂದು ಸ್ಪಷ್ಟ ಕಾರಣ ಸಿಗುವುದು ನನಗೆ ಬಹಳ ಇಷ್ಟವಾದ ವಿಷಯ.

## ಅಯಾನೀಕರಣ ಶಕ್ತಿ: ಚಿತ್ರದಲ್ಲಿ ಎಲ್ಲಿದೆ?

ತಳಸ್ಥಿತಿಯ ಗೆರೆಯಿಂದ ಸೊನ್ನೆಯ ಗೆರೆಯವರೆಗೆ ಮೇಲ್ಮುಖವಾದ ಒಂದು ಬಾಣ ಎಳೆಯಿರಿ. ಅದರ ಉದ್ದ 13.6 ಸೆಂಟಿಮೀಟರ್, ಅಂದರೆ 0 − (−13.6) = 13.6 eV. ಇದೇ ಅಯಾನೀಕರಣ ಶಕ್ತಿ. ಪರಮಾಣು ಈಗಾಗಲೇ ಎರಡನೇ ಮಟ್ಟದಲ್ಲಿದ್ದರೆ ಎಲೆಕ್ಟ್ರಾನನ್ನು ಬಿಡಿಸಲು 3.4 eV ಸಾಕು, ನಾಲ್ಕನೆಯದರಲ್ಲಿದ್ದರೆ 0.85 eV. ಆದರೆ ವಿಶೇಷವಾಗಿ ಏನೂ ಹೇಳದೆ ‘ಹೈಡ್ರೋಜನ್ನಿನ ಅಯಾನೀಕರಣ ಶಕ್ತಿ’ ಎಂದರೆ ತಳಸ್ಥಿತಿಯಿಂದಲೇ ಎಂದು ಅರ್ಥ.

ಸೂತ್ರ ಕೈಯಲ್ಲಿದ್ದಾಗ ಇದರಲ್ಲಿ ಕಂಡುಹಿಡಿಯಲು ಏನೂ ಇಲ್ಲ, 13.6 ಸೂತ್ರದೊಳಗೇ ಕೂತಿದೆ. ನಿಜವಾದ ಪ್ರಶ್ನೆ ಬೇರೆ: ಆ 13.6 ಎಲ್ಲಿಂದ ಬಂತು? ಅಳೆದ ರೇಖೆಗಳು ಮಾತ್ರ ನಮ್ಮ ಬಳಿ ಇದ್ದರೆ ಅದನ್ನು ಹೇಗೆ ತೆಗೆಯುವುದು?

ಒಂದು ನೇರ ದಾರಿ ಲೈಮನ್ ಶ್ರೇಣಿಯದು. ಅದರ ರೇಖೆಗಳು 121.6, 102.6, 97.3 ಎಂದು ಒಂದಕ್ಕೊಂದು ಹತ್ತಿರವಾಗುತ್ತಾ ಹೋಗಿ 91.2 ನ್ಯಾನೊಮೀಟರಿನಲ್ಲಿ ಒಂದೇ ಕಡೆ ಒತ್ತರಿಸುತ್ತವೆ. ಚಿತ್ರದ ತುದಿಯಲ್ಲಿ ಮಟ್ಟಗಳು ಒತ್ತೊತ್ತಾಗಿರುವುದೇ ಇದಕ್ಕೆ ಕಾರಣ. ಈ ಶ್ರೇಣಿ ಮಿತಿ ∞→1 ಬಾಣಕ್ಕೆ ಸೇರಿದ್ದು: 1240/91.2 = 13.6 eV. ತೊಡಕೆಂದರೆ ಈ ಬೆಳಕನ್ನು ಗಾಳಿ ಹೀರಿಕೊಳ್ಳುತ್ತದೆ, ನಿರ್ವಾತದಲ್ಲಿಟ್ಟ ರೋಹಿತಮಾಪಕವೇ ಬೇಕು. ಸಾಮಾನ್ಯ ಪ್ರಯೋಗಾಲಯದಲ್ಲಿ ಸುಲಭವಾಗಿ ಸಿಗುವುದು ಬಾಲ್ಮರ್ ಶ್ರೇಣಿಯ, ಕಣ್ಣಿಗೆ ಕಾಣುವ ನಾಲ್ಕು ರೇಖೆಗಳು. ಅವುಗಳಿಂದಲೇ ಕೆಲಸ ಮಾಡೋಣ.

## ನಾಲ್ಕು ರೇಖೆಗಳಿಂದ 13.6ಕ್ಕೆ

ಅಳೆದ ತರಂಗಾಂತರಗಳು 656.3, 486.1, 434.0, 410.2 ನ್ಯಾನೊಮೀಟರ್. ಇವು ಕ್ರಮವಾಗಿ n = 3, 4, 5, 6ರಿಂದ ಎರಡನೇ ಮಟ್ಟಕ್ಕೆ ಇಳಿದವು. ಪ್ರತಿಯೊಂದರ ಶಕ್ತಿಯನ್ನೂ 1/n² ಬೆಲೆಯನ್ನೂ ಬರೆದುಕೊಳ್ಳಿ:

| n | λ (nm) | E = 1240/λ (eV) | 1/n² |
|---|---|---|---|
| 3 | 656.3 | 1.889 | 0.1111 |
| 4 | 486.1 | 2.551 | 0.0625 |
| 5 | 434.0 | 2.857 | 0.0400 |
| 6 | 410.2 | 3.023 | 0.0278 |

ಅಯಾನೀಕರಣ ಶಕ್ತಿಯನ್ನು I ಎಂದು ಕರೆದರೆ, ಫೋಟಾನಿನ ಶಕ್ತಿ E = I/4 − I/n². ಅಡ್ಡ ಅಕ್ಷದಲ್ಲಿ 1/n², ಲಂಬ ಅಕ್ಷದಲ್ಲಿ E ಇಟ್ಟು ಗ್ರಾಫ್ ಎಳೆದರೆ ಇಳಿಜಾರಾದ ಸರಳರೇಖೆ ಬರಬೇಕು. ಅದರ ಇಳಿಜಾರಿನ ಪ್ರಮಾಣ I. ಸರಳರೇಖೆಯನ್ನು ಎಡಕ್ಕೆ ಚಾಚಿ ಲಂಬ ಅಕ್ಷಕ್ಕೆ ಮುಟ್ಟಿಸಿದಾಗ ಸಿಗುವ ಬೆಲೆ I/4, ಯಾಕೆಂದರೆ 1/n² ಸೊನ್ನೆ ಎಂದರೆ n ಅನಂತ.

ಮೊದಲ ಮತ್ತು ಕೊನೆಯ ಬಿಂದುಗಳಿಂದ ಇಳಿಜಾರು (3.023 − 1.889) / (0.1111 − 0.0278), ಅಂದರೆ ಸುಮಾರು 13.6 eV. ಲಂಬ ಅಕ್ಷದ ಛೇದ 3.023 + 13.6 × 0.0278 = 3.40 eV. ಇದರ ನಾಲ್ಕು ಪಟ್ಟು ಮತ್ತೆ 13.6. ಒಂದೇ ಗ್ರಾಫಿನ ಎರಡು ಬೇರೆ ಬೇರೆ ಅಳತೆಗಳು ಒಂದೇ ಸಂಖ್ಯೆಯನ್ನು ಕೊಟ್ಟವು.

ಇಲ್ಲಿ ಬಹಳ ಜನ ಜಾರುವ ಒಂದು ಜಾಗವಿದೆ. 3.40 eV ಕಂಡ ಕೂಡಲೇ ಅದನ್ನೇ ಅಯಾನೀಕರಣ ಶಕ್ತಿ ಎಂದು ಬರೆದುಬಿಡುತ್ತಾರೆ. ಅದು ಬಾಲ್ಮರ್ ಶ್ರೇಣಿಯ ಮಿತಿ, ಎರಡನೇ ಮಟ್ಟದಿಂದ ತುದಿಗಿರುವ ದೂರ ಮಾತ್ರ. ಚಿತ್ರವನ್ನು ನೋಡಿದರೆ ಅದರ ಕೆಳಗೆ 10.2 ಸೆಂಟಿಮೀಟರಿನ ದೊಡ್ಡ ಜಾಗ ಇನ್ನೂ ಉಳಿದಿರುವುದು ಎದ್ದು ಕಾಣುತ್ತದೆ. ಆ ಜಾಗವನ್ನು ಸ್ವತಂತ್ರವಾಗಿ ಅಳೆದು ಕೊಡುವುದು ಲೈಮನ್ ಶ್ರೇಣಿಯ ಮೊದಲ ರೇಖೆ: 1240/121.6 = 10.20 eV. ಎರಡನ್ನೂ ಕೂಡಿದರೆ 3.40 + 10.20 = 13.60 eV. ಇಳಿಜಾರಿನಿಂದ ಬಂದ ಬೆಲೆಯಲ್ಲಿ ‘ತಳಸ್ಥಿತಿಯೂ 1/n² ನಿಯಮವನ್ನೇ ಪಾಲಿಸುತ್ತದೆ’ ಎಂಬ ಊಹೆ ಅಡಗಿತ್ತು, ಬಾಲ್ಮರ್ ರೇಖೆಗಳು ಯಾವುವೂ ತಳಸ್ಥಿತಿಯನ್ನು ಮುಟ್ಟುವುದೇ ಇಲ್ಲ. 121.6ರ ರೇಖೆ ಆ ಊಹೆಯನ್ನು ಅಳತೆಯಿಂದ ಖಚಿತಪಡಿಸಿತು.

ಇನ್ನೊಂದು ತಪ್ಪು ರೇಖೆಗಳಿಗೆ n ಹಚ್ಚುವಾಗ ಆಗುತ್ತದೆ. ಕೆಂಪು ರೇಖೆಗೆ 3ರ ಬದಲು 4 ಎಂದು, ಉಳಿದವಕ್ಕೂ ಒಂದೊಂದು ಹೆಚ್ಚು ಬರೆದಿರಿ ಎಂದುಕೊಳ್ಳಿ. ಆಗ ಅಕ್ಕಪಕ್ಕದ ಬಿಂದುಗಳ ನಡುವಿನ ಇಳಿಜಾರು 29.4, 25.1, 22.5 ಎಂದು ಬದಲಾಗುತ್ತಾ ಹೋಗಿ ಗ್ರಾಫ್ ಬಾಗುತ್ತದೆ. ಸರಿಯಾದ n ಇಟ್ಟರೆ ಅದೇ ಲೆಕ್ಕ ಮೂರೂ ಕಡೆ 13.6ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಿಂದುಗಳು ಸರಳರೇಖೆಯಲ್ಲಿ ಕೂರದಿದ್ದರೆ ಉಪಕರಣವನ್ನು ದೂರುವ ಮೊದಲು n ಬೆಲೆಗಳನ್ನು ನೋಡಿ.

## ಏಕಮಾನ ಮತ್ತು ಮಿತಿಗಳು

ಭೌತಶಾಸ್ತ್ರದ ಉತ್ತರ 13.6 eV, ಜೌಲ್‌ಗಳಲ್ಲಿ 13.6 × 1.602×10⁻¹⁹ = 2.18×10⁻¹⁸ J. ಇದು ಒಂದು ಪರಮಾಣುವಿಗೆ. ರಸಾಯನಶಾಸ್ತ್ರದ ಕೋಷ್ಟಕಗಳಲ್ಲಿ ಇದೇ ಶಕ್ತಿ 1312 kJ/mol ಎಂದಿರುತ್ತದೆ. ಒಂದು eV ಎಂದರೆ ಮೋಲ್‌ಗೆ 96.5 kJ ಆದ್ದರಿಂದ, ಹೆಚ್ಚು ನಿಖರವಾದ 13.598ನ್ನು ಅದರಿಂದ ಗುಣಿಸಿದರೆ ಆ ಸಂಖ್ಯೆ ಸಿಗುತ್ತದೆ.

ತಳಸ್ಥಿತಿಯಲ್ಲಿರುವ ಅನಿಲಕ್ಕೆ 12.3 eV ಕೊಟ್ಟರೆ ಏನಾಗುತ್ತದೆ ಎಂಬ ಬಗೆಯ ಪ್ರಶ್ನೆಯಲ್ಲಿ ಶಕ್ತಿ ಕೊಟ್ಟದ್ದು ಬೆಳಕೋ ಎಲೆಕ್ಟ್ರಾನೋ ಎಂದು ಮೊದಲು ನೋಡಬೇಕು. 12.3 eVಯ ಫೋಟಾನ್ ಯಾವ ಮೇಲ್ಮುಖ ಬಾಣಕ್ಕೂ ಸರಿಹೊಂದುವುದಿಲ್ಲ, ಅದು ಹೀರಿಕೆಯಾಗದೆ ದಾಟಿಹೋಗುತ್ತದೆ. ಅದೇ ಶಕ್ತಿಯ ಎಲೆಕ್ಟ್ರಾನ್ ಡಿಕ್ಕಿ ಹೊಡೆದರೆ 12.09 eV ಬಿಟ್ಟುಕೊಟ್ಟು ಪರಮಾಣುವನ್ನು ಮೂರನೇ ಮಟ್ಟಕ್ಕೆ ಏರಿಸಿ, ಉಳಿದ 0.21 eV ಜೊತೆ ಮುಂದೆ ಹೋಗಬಲ್ಲದು. ಆಗ ಹೊರಬರುವ ರೇಖೆಗಳು ಮೂರು: 102.6, 121.6 ಮತ್ತು 656.5. ಫೋಟಾನಿನ ಶಕ್ತಿ 13.6 ದಾಟಿದರೆ ಮಾತ್ರ ಸರಿಹೊಂದಬೇಕೆಂಬ ನಿಯಮವಿಲ್ಲ, ಯಾಕೆಂದರೆ ಸೊನ್ನೆಯ ಗೆರೆಯ ಮೇಲೆ ಎಲ್ಲ ಶಕ್ತಿಗಳೂ ಎಲೆಕ್ಟ್ರಾನಿಗೆ ತೆರೆದಿವೆ. 15 eVಯ ಫೋಟಾನ್ ಎಲೆಕ್ಟ್ರಾನನ್ನು ಬಿಡಿಸಿ, ಮಿಕ್ಕ 1.4 eVಯನ್ನು ಅದರ ಚಲನಶಕ್ತಿಯಾಗಿ ಕೊಡುತ್ತದೆ.

ಈ ಚಿತ್ರವನ್ನು ಒಂದೇ ಎಲೆಕ್ಟ್ರಾನ್ ಇರುವ ಅಯಾನುಗಳಿಗೂ ಬಳಸಬಹುದು, ಪ್ರತಿ ಶಕ್ತಿಯನ್ನೂ ಪರಮಾಣು ಸಂಖ್ಯೆಯ ವರ್ಗದಿಂದ ಗುಣಿಸಿದರಾಯಿತು. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂ ಅಯಾನಿಗೆ 13.6 × 4 = 54.4 eV. ಆದರೆ ಎರಡೂ ಎಲೆಕ್ಟ್ರಾನ್ ಇರುವ ಹೀಲಿಯಂ ಪರಮಾಣುವಿನ ಮೊದಲ ಅಯಾನೀಕರಣ ಶಕ್ತಿ 24.6 eV, ಅದು ಈ ಸೂತ್ರದಿಂದ ಬರುವುದಿಲ್ಲ. ಎಲೆಕ್ಟ್ರಾನುಗಳು ಪರಸ್ಪರ ವಿಕರ್ಷಿಸುವುದನ್ನು ಸೂತ್ರ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ.